ತಾರೀಕು ಹೊಸದು, ಬರಹ ಹಳೆಯದು

2008ರ ಸೆಪ್ಟೆಂಬರ್ 8ರಂದು ಅಮೆರಿಕದ ಷೇರುಪೇಟೆಯಲ್ಲಿ ಯುನೈಟೆಡ್ ಏರ್‌ಲೈನ್ಸ್ ಷೇರಿನ ಬೆಲೆ ಸುಮಾರು 12 ಡಾಲರ್‌ನಿಂದ 3 ಡಾಲರ್‌ಗೆ ಬಿತ್ತು. ಬೀಳಲು ಹಿಡಿದದ್ದು ಕೆಲವೇ ನಿಮಿಷ. ಕಂಪನಿ ದಿವಾಳಿ ಅರ್ಜಿ ಹಾಕಿದೆ ಎಂಬ ಸುದ್ದಿ ಹಣಕಾಸು ವರ್ತಕರ ಪರದೆಗಳ ಮೇಲೆ ಮೂಡಿತ್ತು. ಸುದ್ದಿ ಸುಳ್ಳೇನಲ್ಲ, ಆದರೆ ಅದು 2002ರ ಡಿಸೆಂಬರಿನದು. ಆರು ವರ್ಷ ಹಳೆಯ ಪತ್ರಿಕಾ ವರದಿಯೊಂದು ಫ್ಲಾರಿಡಾದ ಪತ್ರಿಕೆಯ ಜಾಲತಾಣದ ಸಂಗ್ರಹದಲ್ಲಿ ಬಿದ್ದಿತ್ತು. ಭಾನುವಾರ ನಡುರಾತ್ರಿ ಅದು ಹೇಗೋ ‘ಹೆಚ್ಚು ಓದಿದ ಸುದ್ದಿ’ಗಳ ಸಾಲಿಗೆ ಏರಿತು. ವರದಿಯ ಮೇಲೆ ಅದರ ಸ್ವಂತ ತಾರೀಕು ಇರಲಿಲ್ಲ. ಇದ್ದದ್ದು ಪುಟದ ನೆತ್ತಿಯ ಮೇಲೆ ಅಂದಿನ ತಾರೀಕು ಮಾತ್ರ. ಗೂಗಲ್‌ನ ಯಂತ್ರ ಅದನ್ನು ಹೊಸ ಸುದ್ದಿ ಎಂದೇ ಎತ್ತಿಕೊಂಡಿತು. ಸೋಮವಾರ ಹೂಡಿಕೆ ಸಲಹಾ ಸಂಸ್ಥೆಯೊಂದರಲ್ಲಿ ದಿವಾಳಿ ಸುದ್ದಿ ಹುಡುಕುತ್ತಿದ್ದವರ ಕಣ್ಣಿಗೆ ಬಿದ್ದು, ಬ್ಲೂಮ್‌ಬರ್ಗ್ ಮೂಲಕ ಪೇಟೆಗೆ ಹರಿಯಿತು. ವಹಿವಾಟು ನಿಲ್ಲಿಸಿ, ಕಂಪನಿ ನಿರಾಕರಿಸಿ, ಬೆಲೆ ಮತ್ತೆ ಏರಿದರೂ ದಿನದ ಕೊನೆಗೆ ಷೇರು 11 ಡಾಲರ್‌ಗಿಂತ ಕೆಳಗೇ ಉಳಿಯಿತು.

ಅಲ್ಲಿ ಯಾರೂ ಬೇಕೆಂದು ಮೋಸ ಮಾಡಿರಲಿಲ್ಲ. ತಾರೀಕು ಇಲ್ಲದ ಕಡೆ ಯಾವುದೋ ತಾರೀಕು ಬಂದು ಕೂತಿತು, ಅಷ್ಟೆ. ಇವತ್ತಿನ ಸಮಸ್ಯೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಹೊಸ ತಾರೀಕಿನ ಬರಹಕ್ಕೆ ಹೆಚ್ಚು ಜನ ಬರುತ್ತಾರೆ ಎಂದು ತಿಳಿದವರು ಹಳೆಯ ಬರಹಕ್ಕೆ ಹೊಸ ತಾರೀಕು ಅಂಟಿಸುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಶೀರ್ಷಿಕೆಯಲ್ಲಿ ‘2023’ ಇದ್ದದ್ದು ‘2024’ ಆಗುತ್ತದೆ, ಮೊದಲ ಪ್ಯಾರಾದಲ್ಲಿ ಎರಡು ಪದ ಬದಲಾಗುತ್ತವೆ, ಮೇಲೆ ‘ಕೊನೆಯ ಪರಿಷ್ಕರಣೆ: ಇಂದು’ ಎಂದು ಬೀಳುತ್ತದೆ. ಒಳಗಿನ ಅಂಕಿಅಂಶ ಎರಡು ವರ್ಷ ಹಳೆಯದೇ.

ಎಲ್ಲ ಸಲವೂ ದುರುದ್ದೇಶ ಇರುತ್ತದೆ ಎಂದಲ್ಲ. ವರ್ಡ್‌ಪ್ರೆಸ್‌ನಂಥ ತಂತ್ರಾಂಶದಲ್ಲಿ ಬರಹವನ್ನು ತೆರೆದು ಒಂದು ಅಲ್ಪವಿರಾಮ ತಿದ್ದಿ ಉಳಿಸಿದರೂ ಮಾರ್ಪಾಡಿನ ತಾರೀಕು ತಾನಾಗಿ ಬದಲಾಗುತ್ತದೆ. ಆ ತಾರೀಕನ್ನೇ ಓದುಗರಿಗೆ ತೋರಿಸುವಂತೆ ಪುಟವನ್ನು ಹೊಂದಿಸಿದ್ದರೆ ಅಲ್ಪವಿರಾಮವೇ ‘ಪರಿಷ್ಕರಣೆ’ ಆಗಿಬಿಡುತ್ತದೆ. ಹುಡುಕುಯಂತ್ರಗಳಿಗಾಗಿ ಪುಟದೊಳಗೆ ಅಡಗಿಸಿಡುವ `dateModified` ಎಂಬ ಸಾಲಿನದ್ದೂ ಇದೇ ಕಥೆ. ಹುರುಳಿರುವ ಬದಲಾವಣೆ ಇಲ್ಲದೆ ತಾರೀಕು ಮಾತ್ರ ಹೊಸದು ಮಾಡಬೇಡಿ ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಆದರೆ ಏನು ಬದಲಾಯಿತು, ಎಷ್ಟು ಬದಲಾಯಿತು ಎಂಬುದು ಬದಲಾಯಿಸಿದವರಿಗಷ್ಟೇ ನಿಖರವಾಗಿ ಗೊತ್ತು. ಹಾಗಾಗಿ ಇದನ್ನು ಯಂತ್ರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ.

ಅರ್ಧಂಬರ್ಧ ಪರಿಷ್ಕರಣೆ ಏನು ಮಾಡುತ್ತದೆ ಎಂಬುದಕ್ಕೆ ಪ್ಯಾನ್–ಆಧಾರ್ ಜೋಡಣೆ ಒಳ್ಳೆಯ ಉದಾಹರಣೆ. 2022ರ ಮಾರ್ಚ್ 31ರವರೆಗೆ ಜೋಡಣೆಗೆ ಶುಲ್ಕವಿರಲಿಲ್ಲ. ಏಪ್ರಿಲ್‌ನಿಂದ ಜೂನ್ ಕೊನೆಯವರೆಗೆ 500 ರೂಪಾಯಿ, ಜುಲೈನಿಂದ 1000 ರೂಪಾಯಿ. ಗಡುವು 2023ರ ಮಾರ್ಚ್ 31 ಎಂದಿದ್ದದ್ದು, ಇನ್ನು ಮೂರು ದಿನವಿದೆ ಎನ್ನುವಾಗ ಜೂನ್ 30ಕ್ಕೆ ಹೋಯಿತು.

2022ರ ಮೇ ತಿಂಗಳಲ್ಲಿ ಬರೆದ ‘ಜೋಡಣೆ ಹೇಗೆ’ ಎಂಬ ಲೇಖನವೊಂದನ್ನು ಕಲ್ಪಿಸಿಕೊಳ್ಳಿ. 2023ರ ಏಪ್ರಿಲ್‌ನಲ್ಲಿ ಯಾರೋ ಅದನ್ನು ತೆರೆದು ಗಡುವನ್ನಷ್ಟೇ ತಿದ್ದುತ್ತಾರೆ. ತಾರೀಕು ಹೊಸದಾಗುತ್ತದೆ, ಶುಲ್ಕ ಮಾತ್ರ 500 ಎಂದೇ ಉಳಿಯುತ್ತದೆ. ಓದುಗ 500 ಹೊಂದಿಸಿಕೊಂಡು ಸೈಬರ್ ಸೆಂಟರಿಗೆ ಹೋಗಿ, 1000 ಕೇಳಿದವನ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಇದಕ್ಕಿಂತ ಕೆಟ್ಟದ್ದೂ ಆಗಬಹುದು. ಹಣ ಕಟ್ಟುವಾಗ ‘ಇತರ ಸ್ವೀಕೃತಿಗಳು (500)’ ಎಂಬ ಬಾಬ್ತನ್ನು ಆಯ್ದುಕೊಳ್ಳಬೇಕಿತ್ತು. ಇಲ್ಲಿನ 500 ಮೊತ್ತವಲ್ಲ, ಲೆಕ್ಕಶೀರ್ಷಿಕೆಯ ಸಂಖ್ಯೆ. ಅವಸರದ ಸಂಪಾದಕ ಲೇಖನದ ಉದ್ದಕ್ಕೂ 500 ಇದ್ದಲ್ಲೆಲ್ಲ 1000 ಎಂದು ಒಂದೇ ಏಟಿಗೆ ಬದಲಿಸಿದರೆ ಸರಿಯಿದ್ದ ಸಾಲೂ ಕೆಡುತ್ತದೆ. ಇಲ್ಲದ ಬಾಬ್ತನ್ನು ಹುಡುಕುವವನಿಗೆ ಲೇಖನದ ತಲೆಯ ಮೇಲಿನ ತಾಜಾ ತಾರೀಕು ‘ತಪ್ಪು ನಿನ್ನದೇ ಇರಬೇಕು’ ಎನ್ನುತ್ತಿರುತ್ತದೆ. ತಾರೀಕು ಹಳೆಯದೇ ಆಗಿದ್ದರೆ ಅವನು ಅನುಮಾನಪಟ್ಟು ಇನ್ನೊಂದು ಕಡೆ ವಿಚಾರಿಸುತ್ತಿದ್ದ. ಸುಳ್ಳು ತಾರೀಕಿನ ನಿಜವಾದ ಹಾನಿ ಇದು: ಓದುಗನ ಕೈಲಿದ್ದ ಅನುಮಾನವನ್ನು ಅದು ಕಸಿದುಕೊಳ್ಳುತ್ತದೆ.

ಅದೇ ಲೇಖನದ ಕೆಳಗೆ ಹೀಗೆ ಬರೆದಿದ್ದರೆ? ‘ಮೊದಲ ಪ್ರಕಟಣೆ 2022ರ ಮೇ. 2023ರ ಏಪ್ರಿಲ್‌ನಲ್ಲಿ ಹೊಸ ಗಡುವು ಮತ್ತು 1000 ರೂ. ಶುಲ್ಕವನ್ನು ಸೇರಿಸಲಾಗಿದೆ. ಹಣ ಕಟ್ಟುವ ಹಂತಗಳನ್ನು ಮತ್ತೆ ಪರೀಕ್ಷಿಸಿಲ್ಲ.’ ಕೊನೆಯ ವಾಕ್ಯ ಬರೆಯಲು ಕೊಂಚ ಮುಜುಗರ ಆಗುತ್ತದೆ. ಆದರೆ ಎಲ್ಲಿಯವರೆಗೆ ನಂಬಬಹುದು ಎಂದು ಹೇಳುವುದು ಅದೊಂದೇ. ತಿದ್ದಿದ ದಿನ ಬೇರೆ, ಎಲ್ಲವನ್ನೂ ಪರೀಕ್ಷಿಸಿದ ದಿನ ಬೇರೆ. ‘ಕೊನೆಯ ಪರಿಷ್ಕರಣೆ’ ಎಂಬ ಒಂದೇ ಸಾಲು ಇವೆರಡನ್ನೂ ಕಲಸಿಬಿಡುತ್ತದೆ.

ಮುದ್ರಣದ ಲೋಕ ಈ ಶಿಸ್ತನ್ನು ಬಹುಕಾಲದಿಂದ ಪಾಲಿಸಿದೆ. ಯಾವುದೇ ಕನ್ನಡ ಪುಸ್ತಕದ ಮೊದಲ ಹಾಳೆ ತಿರುವಿದರೆ ಮೊದಲ ಮುದ್ರಣ, ಮರುಮುದ್ರಣ, ಪರಿಷ್ಕೃತ ಆವೃತ್ತಿ ಎಂದು ವರ್ಷಸಹಿತ ಸಾಲುಗಳು ಸಿಗುತ್ತವೆ. ಮರುಮುದ್ರಣ ಎಂದರೆ ಕಾಗದ ಹೊಸದು, ಪಠ್ಯ ಹಳೆಯದು. ಪರಿಷ್ಕೃತ ಎಂದರೆ ಒಳಗೆ ಕೈಯಾಡಿಸಲಾಗಿದೆ. 1894ರ ಕಿಟ್ಟೆಲ್ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿದಾಗ ಹೊಸ ಸಂಪುಟಗಳ ಮೇಲೆ ಅವರ ಹೆಸರು ಬಂತು, ಕಿಟ್ಟೆಲ್ ಹೆಸರು ಅಳಿಯಲಿಲ್ಲ. ಪರದೆಯ ಮೇಲೆ ಈ ವ್ಯತ್ಯಾಸ ಕಳೆದುಹೋದದ್ದಕ್ಕೆ ಕಾರಣ ಸರಳ: ಅಲ್ಲಿ ಹೊಸದು ಹಳೆಯದರ ಮೇಲೇ ಕೂರುತ್ತದೆ, ಹೋಲಿಸಿ ನೋಡಲು ಹಳೆಯ ಪ್ರತಿ ಕಪಾಟಿನಲ್ಲಿ ಉಳಿಯುವುದಿಲ್ಲ.

ಹಾಗೆಂದು ಪ್ರತಿ ಕಾಗುಣಿತ ದೋಷಕ್ಕೂ ಟಿಪ್ಪಣಿ ಬೇಕೇ ಎಂದು ಕೇಳುವವರಿದ್ದಾರೆ. ಬೇಡ. ತಿದ್ದುಪಡಿಯಿಂದ ಓದುಗ ಮಾಡುವ ಕೆಲಸ ಬದಲಾಗುತ್ತದೆಯೇ ಎಂಬುದಷ್ಟೇ ಅಳತೆಗೋಲು. ಗಡುವು, ಶುಲ್ಕ, ಔಷಧದ ಪ್ರಮಾಣ, ಕಾನೂನಿನ ಕಲಮು ಬದಲಾದರೆ ತಾರೀಕೂ ಬೇಕು, ಟಿಪ್ಪಣಿಯೂ ಬೇಕು. ‘ಮಾಡಿದೆ’ ಎಂದಿದ್ದದ್ದು ‘ಮಾಡಲಾಗಿದೆ’ ಆದರೆ ಹಳೆಯ ತಾರೀಕೇ ಇರಲಿ. ಲೇಖಕರೇ ತಪ್ಪು ಬರೆದಿದ್ದರೆ ಮಾತು ಬೇರೆ. ನಿಯಮ ಬದಲಾದದ್ದು ಪರಿಷ್ಕರಣೆ. ಮೊದಲಿಂದಲೂ ತಪ್ಪಿದ್ದದ್ದನ್ನು ಸರಿಪಡಿಸಿದ್ದು ತಿದ್ದುಪಡಿ. ತಪ್ಪನ್ನು ‘ಪರಿಷ್ಕರಣೆ’ಯ ಸೆರಗಿನಲ್ಲಿ ಮುಚ್ಚಿದರೆ, ಹಿಂದೆ ಅದನ್ನು ಓದಿ ನಂಬಿದವರಿಗೆ ತಾವು ನಂಬಿದ್ದು ತಪ್ಪು ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಪ್ರಾಮಾಣಿಕರಾದರೆ ಓದುಗರು ಕಡಿಮೆಯಾಗುತ್ತಾರೆ ಎಂಬ ಅಳಲು ಮಾತ್ರ ಹಗುರವಾದದ್ದಲ್ಲ. ಹಳೆಯ ತಾರೀಕು ಕಂಡ ಕೂಡಲೇ ಹಿಂದೆ ಸರಿಯುವವರು ನಿಜಕ್ಕೂ ಇದ್ದಾರೆ. ಆದರೂ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ 2019ರಲ್ಲಿ ತನ್ನ ಹಳೆಯ ವರದಿಗಳ ಮೇಲೆ ಅವು ಎಷ್ಟು ಹಳೆಯವು ಎಂದು ಹಳದಿ ಬಣ್ಣದಲ್ಲಿ ಎದ್ದು ಕಾಣುವಂತೆ ಬರೆಯತೊಡಗಿತು. ಸಾಮಾಜಿಕ ಮಾಧ್ಯಮಗಳಲ್ಲಿ ಹಂಚುವಾಗ ಕಾಣುವ ಚಿತ್ರದ ಮೇಲೂ ವರ್ಷವನ್ನು ಹಾಕಿತು. ವರ್ಷಗಳ ಹಿಂದಿನ ಸುದ್ದಿಯನ್ನು ಇಂದಿನದೆಂದು ನಂಬಿ ಜನ ಹಂಚುತ್ತಿದ್ದದ್ದನ್ನು ಅದು ಕಂಡಿತ್ತು.

ಕನ್ನಡದಲ್ಲಿ ಯೋಜನೆ, ತೆರಿಗೆ, ಪಿಂಚಣಿ, ಪಹಣಿಯ ಬಗ್ಗೆ ಬರೆಯುವವರು ಇಷ್ಟಾದರೂ ಮಾಡಬೇಕು: ಮೊದಲ ತಾರೀಕನ್ನು ಅಳಿಸಬೇಡಿ, ಏನು ಬದಲಾಯಿತು ಎಂದು ಒಂದು ಸಾಲು ಬರೆಯಿರಿ, ಯಾವುದನ್ನು ಪರೀಕ್ಷಿಸಿಲ್ಲ ಎಂಬುದನ್ನೂ ಹೇಳಿ. ಅರ್ಧಕ್ಕಿಂತ ಹೆಚ್ಚು ಬದಲಾಗುವಂತಿದ್ದರೆ ಹೊಸ ಲೇಖನವನ್ನೇ ಬರೆದು, ಹಳೆಯದರ ತಲೆಯ ಮೇಲೆ ಅದರ ಕೊಂಡಿ ಕೊಡಿ.