ಡಂಬಳದ ಹದಿನಾರು ಸೆಟ್ಟಿಗಳು ಮತ್ತು ಬೌದ್ಧಧರ್ಮದ ಅವನತಿ

ಬೌದ್ಧಧರ್ಮವು ಭಾರತದಲ್ಲಿ ಮರೆಯಾದುದಕ್ಕೆ ನಾಲಂದದ ನಾಶವೇ ಕಾರಣವೆಂಬ ವಿವರಣೆ ಬೀದರ, ಭಾಲ್ಕಿ, ಔರಾದ ಭಾಗದ ತರಗತಿಗಳಲ್ಲಿಯೂ ಪ್ರಶ್ನಾತೀತವಾಗಿ ಉಳಿದಿದೆ. 1200ರ ಸುಮಾರಿಗೆ ಬಿಹಾರದ ಮಹಾವಿಹಾರಗಳು ತುರ್ಕರ ದಾಳಿಗೆ ತುತ್ತಾದುದು ನಿಜ. ಆದರೆ ಕನ್ನಡನಾಡಿಗೆ ಇದನ್ನು ಅನ್ವಯಿಸಹೊರಟರೆ ಕಾಲಗಣನೆಯೇ ಅಡ್ಡಬರುತ್ತದೆ. ಅಲ್ಲಾವುದ್ದೀನನು ದೇವಗಿರಿಯ ಮೇಲೆ ಏರಿಬಂದುದು 1296ರಲ್ಲಿ. ಇಲ್ಲಿಯ ಬೌದ್ಧ ಶಾಸನಗಳು ಅದಕ್ಕೆ ಬಹು ಹಿಂದೆಯೇ ವಿರಳವಾಗಿದ್ದವು.

ಶಂಕರಾಚಾರ್ಯರ ವಾದಬಲದಿಂದ ಬೌದ್ಧರು ನಿರ್ಮೂಲರಾದರೆಂಬುದು ಇನ್ನೊಂದು ಜನಪ್ರಿಯ ಮತ. ಇದಕ್ಕೆ ಉತ್ತರ ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿಯೇ ಇದೆ. ಭಾಲ್ಕಿಗೆ ನೆರೆಯದಾದ ಇಂದಿನ ಬಸವಕಲ್ಯಾಣದಿಂದ ಆಳಿದ ಒಂದನೆಯ ಸೋಮೇಶ್ವರನ ದಂಡನಾಯಕ ರೂಪಭಟ್ಟಯ್ಯನು 1065ರಲ್ಲಿ ಬಳ್ಳಿಗಾವಿಯಲ್ಲಿ ಬೌದ್ಧವಿಹಾರವನ್ನು ಕಟ್ಟಿಸಿದನು. ತಾರಾಭಗವತಿಯ ಪೂಜೆಗೆ ಬಿಟ್ಟ ದತ್ತಿಯಲ್ಲಿ ಕೇಶವನಿಗೂ ಪಾಲುಂಟು. ಆರನೆಯ ವಿಕ್ರಮಾದಿತ್ಯನ ಕಾಲದ ಡಂಬಳದ ಶಾಸನವಂತೂ (1095) ಆ ಊರಿನ ಹದಿನಾರು ಸೆಟ್ಟಿಗಳು ಕೂಡಿ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರವನ್ನು ದಾಖಲಿಸುತ್ತದೆ. ಶಂಕರರ ಕಾಲಕ್ಕೆ ಮೂರು ಶತಮಾನಗಳಷ್ಟು ಈಚೆಗೆ ವಿಹಾರಗಳು ಹೊಸದಾಗಿ ಏಳುತ್ತಿದ್ದವು ಎಂದಮೇಲೆ ವಾದದಲ್ಲಿ ಸೋತು ಅಳಿದರೆನ್ನುವುದು ಹೇಗೆ?

ಹಿಂಸೆಯೊಂದೇ ಸಾಕಾದ ಕಾರಣವಲ್ಲವೆಂಬುದಕ್ಕೆ ಜೈನರ ಇತಿಹಾಸವೇ ಸಾಕ್ಷಿ. ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಅಬ್ಬಲೂರಿನ ಶಾಸನದಲ್ಲಿ ಜಿನಮೂರ್ತಿಯ ಭಂಗ ವಿಜಯದ ಸಂಗತಿಯಾಗಿ ವರ್ಣಿತವಾಗಿದೆ. ಅಂಥ ಆಘಾತಗಳ ನಂತರವೂ ಜೈನಧರ್ಮ ಉಳಿಯಿತು. ಬಸದಿ ಕೈತಪ್ಪಿದರೂ ಅಣುವ್ರತಗಳನ್ನು ಹೊತ್ತ ಶ್ರಾವಕ ಕುಟುಂಬವಿತ್ತು; ಮನೆಯ ಆಹಾರನಿಯಮದಿಂದ ಸಲ್ಲೇಖನದವರೆಗೆ ಧರ್ಮವು ಗೃಹಸ್ಥನ ಬದುಕಿನೊಳಗೇ ಹೆಣೆದುಕೊಂಡಿತ್ತು. 941ರ ಆದಿಪುರಾಣದಿಂದ ಮುಂದಕ್ಕೆ ಜಿನಕಥೆ ಕನ್ನಡದ ಕಥೆಯೂ ಆಯಿತು. ಬೌದ್ಧಕಾವ್ಯವೆನ್ನಬಹುದಾದ ಒಂದು ಹಳಗನ್ನಡ ಕೃತಿಯೂ ನಮಗೆ ಉಳಿದುಬಂದಿಲ್ಲ.

ಹಾಗಾದರೆ ಡಂಬಳದ ಸೆಟ್ಟಿಗಳು ಗೃಹಸ್ಥರಲ್ಲವೇ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಶಾಸನದಲ್ಲಿ ಅವರು ಕಾಣಿಸಿಕೊಳ್ಳುವುದು ದಾನಿಗಳ ಒಂದು ಕೂಟವಾಗಿ. ಅವರ ಮದುವೆ, ಮರಣಗಳ ವಿಧಿಯನ್ನು ಭಿಕ್ಷುಸಂಘ ನಡೆಸಿತೆನ್ನಲು ಆಧಾರವಿಲ್ಲ. ವಿಹಾರದ ಬದುಕು ಪಟ್ಟಣದ ವರ್ತಕರ ಔದಾರ್ಯಕ್ಕೆ ಕಟ್ಟುಬಿದ್ದಿತ್ತು. ಆ ದಾನ ಶಿವಾಲಯದತ್ತ ತಿರುಗಿದರೆ ಅದನ್ನು ಹಿಡಿದು ನಿಲ್ಲಿಸಬಲ್ಲ ಊರಿನ ಸಮುದಾಯ ಹಿಂದೆ ಇರಲಿಲ್ಲವೆಂದೇ ತೋರುತ್ತದೆ. ಶಾಸನಗಳ ಮೌನದಿಂದ ತೆಗೆದ ಊಹೆ ಇದು, ಪೂರ್ಣಪ್ರಮಾಣವಲ್ಲ; ಒಂದು ಹೊಸ ಶಾಸನ ಸಿಕ್ಕರೂ ತಿದ್ದಬೇಕಾದೀತು. ಆದರೂ ದಾಳಿ ಮತ್ತು ವಾದಸೋಲುಗಳ ಕಥೆಗಿಂತ ಇದು ಲಭ್ಯ ದಾಖಲೆಗಳಿಗೆ ಹೆಚ್ಚು ಒಪ್ಪುತ್ತದೆ.

ವಿಹಾರಗಳು ಉರುಳಿದ್ದಕ್ಕಿಂತ ಹೆಸರು ಬದಲಿಸಿಕೊಂಡದ್ದೇ ಹೆಚ್ಚೇನೋ. ಆಳುಪ ಕುಂದವರ್ಮನು 968ರಲ್ಲಿ ಕದಿರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಮಂಗಳೂರಿನ ಕದ್ರಿ ಮಂಜುನಾಥ ದೇವಾಲಯದಲ್ಲಿ ಇಂದಿಗೂ ಇದೆ.