ರಾಜಿ ತೆರಿಗೆ ಮಿತಿ ದಾಟಿದ ವ್ಯಾಪಾರಿಗೆ ನೋಟಿಸ್: ದಾಟಿದ ದಿನ ಯಾವುದು ಎಂಬುದೇ ಮುಖ್ಯ

2025ರ ಜುಲೈನಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಜಮೆ ಆಧರಿಸಿ ನೋಟಿಸ್ ಹೋದಾಗ ಚರ್ಚೆಯಾದದ್ದು ಹೆಚ್ಚಾಗಿ ಜಿಎಸ್‌ಟಿ ನೋಂದಣಿಯೇ ಇಲ್ಲದ ಅಂಗಡಿಗಳ ಬಗ್ಗೆ. ನೋಂದಣಿ ಮಾಡಿಸಿ, ಮೂರು ತಿಂಗಳಿಗೊಮ್ಮೆ ತಪ್ಪದೆ ತೆರಿಗೆ ಕಟ್ಟುವವರಿಗೂ ಇಂಥದೇ ನೋಟಿಸ್ ಬರಬಹುದು. ರಾಜಿ ತೆರಿಗೆ, ಅಂದರೆ ಕಾಂಪೋಸಿಷನ್ ಯೋಜನೆಯಲ್ಲಿರುವ ವ್ಯಾಪಾರಿ ವಾರ್ಷಿಕ ವಹಿವಾಟಿನ ಮಿತಿ ದಾಟಿದರೆ, ಶೇ 1ರ ಬದಲು ಸಾಮಾನ್ಯ ದರದಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ.

ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡು, ತೆಲಂಗಾಣ, ದೆಹಲಿಯಲ್ಲಿ ಸರಕು ವ್ಯಾಪಾರಿಗಳಿಗೆ ಈ ಮಿತಿ ₹1.5 ಕೋಟಿ. ಎಷ್ಟೋ ಮಂದಿ ಎಡವುವುದು ಇದರ ಲೆಕ್ಕದಲ್ಲಿ. ಶೇ 1ರ ತೆರಿಗೆಯನ್ನು ತೆರಿಗೆ ಇರುವ ಸರಕಿನ ಮಾರಾಟದ ಮೇಲಷ್ಟೇ ಕಟ್ಟಬೇಕು. ಆದರೆ ಮಿತಿಯ ಲೆಕ್ಕಕ್ಕೆ ಬಿಡಿ ಅಕ್ಕಿ, ಬಿಡಿ ಬೇಳೆ, ಹಾಲು, ತರಕಾರಿಯಂಥ ತೆರಿಗೆ ವಿನಾಯಿತಿ ಸರಕಿನ ಮಾರಾಟವೂ ಸೇರುತ್ತದೆ. ಒಂದೇ ಪ್ಯಾನ್‌ನಲ್ಲಿ ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ಇದ್ದರೆ ಅದರ ವಹಿವಾಟೂ ಇದಕ್ಕೇ ಸೇರುತ್ತದೆ.

ಪುಣೆಯ ಕಿರಾಣಿ ಅಂಗಡಿಯೊಂದನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. 2024-25ರಲ್ಲಿ ತಿಂಗಳಿಗೆ ₹15 ಲಕ್ಷದಂತೆ ವರ್ಷಕ್ಕೆ ₹1.80 ಕೋಟಿ ವ್ಯಾಪಾರ ಆಗಿದೆ. ಅದರಲ್ಲಿ ₹60 ಲಕ್ಷ ವಿನಾಯಿತಿ ಸರಕಿನದು. ಉಳಿದ ₹1.20 ಕೋಟಿ ಸೋಪು, ಟೂತ್‌ಪೇಸ್ಟ್, ಬಿಸ್ಕತ್ತಿನದು. ಇವುಗಳಿಗೆ ಆಗ ಶೇ 18 ತೆರಿಗೆ ಇತ್ತು. ₹1.20 ಕೋಟಿಯನ್ನೇ ತಮ್ಮ ವಹಿವಾಟು ಎಂದುಕೊಂಡ ಮಾಲೀಕರು ಶೇ 1ರಂತೆ ₹1.20 ಲಕ್ಷ ಕಟ್ಟಿ ನಿಶ್ಚಿಂತರಾಗಿದ್ದಾರೆ.

ನೋಟಿಸ್ ಇಡೀ ವರ್ಷಕ್ಕೆ ಶೇ 18 ಕೇಳಿದರೆ ತೆರಿಗೆಯೇ ₹21.60 ಲಕ್ಷ ಆಗುತ್ತದೆ. ಆದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 10(3)ರ ಪ್ರಕಾರ, ಯೋಜನೆ ರದ್ದಾಗುವುದು ವಹಿವಾಟು ಮಿತಿ ದಾಟಿದ ದಿನದಿಂದ. ಈ ಅಂಗಡಿ ಜನವರಿ ಕೊನೆಗೆ ₹1.5 ಕೋಟಿ ಮುಟ್ಟಿ, ಫೆಬ್ರವರಿ 1ರಂದು ಅದನ್ನು ದಾಟಿದೆ. ಹಾಗಾಗಿ ಸಾಮಾನ್ಯ ದರ ಅನ್ವಯಿಸುವುದು ಕೊನೆಯ ಎರಡು ತಿಂಗಳ ₹20 ಲಕ್ಷದ ತೆರಿಗೆ ಸರಕಿಗೆ ಮಾತ್ರ. ಹಿಂದಿನ ವರ್ಷವೇ ಮಿತಿ ದಾಟಿದ್ದರೆ ಈ ವಾದ ನಿಲ್ಲುವುದಿಲ್ಲ. ಆಗ ಏಪ್ರಿಲ್ 1ರಿಂದಲೇ ಯೋಜನೆಗೆ ಅರ್ಹತೆ ಇರುವುದಿಲ್ಲ.

₹20 ಲಕ್ಷಕ್ಕೆ ಶೇ 18 ಎಂದರೆ ₹3.60 ಲಕ್ಷ. ಅಂಗಡಿಯವರು ಗ್ರಾಹಕರಿಂದ ಬೇರೆಯಾಗಿ ತೆರಿಗೆ ವಸೂಲಿ ಮಾಡಿಲ್ಲ, ಆದ್ದರಿಂದ ಪಡೆದ ಬೆಲೆಯಲ್ಲೇ ತೆರಿಗೆ ಸೇರಿದೆ ಎಂದು ನಿಯಮ 35ರಡಿ ವಾದಿಸಲು ಅವಕಾಶವಿದೆ. ಅಧಿಕಾರಿ ಅದನ್ನು ಒಪ್ಪಿದರೆ ಮೊತ್ತ ಸುಮಾರು ₹3.05 ಲಕ್ಷಕ್ಕೆ ಇಳಿಯುತ್ತದೆ.

ಇಲ್ಲಿ ತಡವಾದಷ್ಟೂ ನಷ್ಟ ಹೆಚ್ಚು. ಆ ಎರಡು ತಿಂಗಳ ಖರೀದಿ ಬಿಲ್‌ಗಳಲ್ಲಿ ಅಂಗಡಿಯವರು ₹2.60 ಲಕ್ಷ ತೆರಿಗೆ ಕೊಟ್ಟಿದ್ದಾರೆ ಎಂದುಕೊಳ್ಳೋಣ. ಮಿತಿ ದಾಟಿದ ಏಳು ದಿನದೊಳಗೆ CMP-04 ಸಲ್ಲಿಸಿ ಸಾಮಾನ್ಯ ರಿಟರ್ನ್ಸ್‌ಗೆ ಬಂದಿದ್ದರೆ, ಅಷ್ಟನ್ನೂ ಹೂಡುವಳಿ ತೆರಿಗೆ ಜಮೆಯಾಗಿ ಕಳೆಯಬಹುದಿತ್ತು. ಆ ಅವಧಿಗೆ ಕಟ್ಟಿದ ಶೇ 1ರ ₹20 ಸಾವಿರವನ್ನೂ ಕಳೆದರೆ ಬಾಕಿ ಸುಮಾರು ₹25 ಸಾವಿರ. ಆದರೆ ಆ ವರ್ಷದ ಬಿಲ್‌ಗಳ ಜಮೆ ಪಡೆಯುವ ಗಡುವು 2025ರ ನವೆಂಬರ್ 30ಕ್ಕೆ ಮುಗಿಯಿತು. ನಂತರ ನೋಟಿಸ್ ಬಂದರೆ ಬಾಕಿ ₹2.85 ಲಕ್ಷ, ಅದರ ಮೇಲೆ ವರ್ಷಕ್ಕೆ ಶೇ 18 ಬಡ್ಡಿ. ದಾಸ್ತಾನಿನ ಮೇಲಿನ ಜಮೆಗೆ ಆದೇಶ ಬಂದ 30 ದಿನದೊಳಗೆ ITC-01 ಸಲ್ಲಿಸಬಹುದು. ಆದರೆ ವರ್ಷ ಮೀರಿದ ಬಿಲ್‌ಗಳಿಗೆ ಅದೂ ಸಿಗುವುದಿಲ್ಲ.

ಯೋಜನೆಯಿಂದ ಏಕೆ ಕೈಬಿಡಬಾರದು ಎಂದು ಕೇಳುವ ನೋಟಿಸ್ CMP-05 ನಮೂನೆಯಲ್ಲಿ ಬರುತ್ತದೆ. 15 ದಿನದೊಳಗೆ CMP-06ರಲ್ಲಿ ಉತ್ತರಿಸಬೇಕು. ‘ಗೊತ್ತಿರಲಿಲ್ಲ’ ಎಂಬ ವಿವರಣೆಯಿಂದ ತೆರಿಗೆ ತಪ್ಪುವುದಿಲ್ಲ. ಉತ್ತರದ ಜೊತೆ ಮಿತಿ ದಾಟಿದ ದಿನವನ್ನು ತೋರಿಸುವ ದೈನಂದಿನ ಮಾರಾಟದ ಪುಸ್ತಕ, ವಿನಾಯಿತಿ ಸರಕಿನ ಪ್ರತ್ಯೇಕ ಪಟ್ಟಿ, ಆ ದಿನದ ದಾಸ್ತಾನಿನ ವಿವರ ಇರಬೇಕು. ಬ್ಯಾಂಕ್ ಜಮೆಯನ್ನೇ ಮಾರಾಟವೆಂದು ಎಣಿಸಿದ್ದರೆ ಕೈಸಾಲ, ಮನೆಯವರು ಕಳುಹಿಸಿದ ಹಣವನ್ನು ದಾಖಲೆ ಸಮೇತ ಬೇರ್ಪಡಿಸಬೇಕು. ತೆರಿಗೆ ಬೇಡಿಕೆಯ ನೋಟಿಸ್ ಪ್ರತ್ಯೇಕವಾಗಿ ಬಂದಾಗ, 2024-25 ಮತ್ತು ಅದರ ನಂತರದ ವರ್ಷಗಳ ಪ್ರಕರಣಗಳಲ್ಲಿ ವಂಚನೆಯ ಆರೋಪ ಇಲ್ಲದಿದ್ದರೆ 60 ದಿನದೊಳಗೆ ತೆರಿಗೆ, ಬಡ್ಡಿ ಕಟ್ಟಿದವರಿಗೆ ದಂಡ ಬೀಳುವುದಿಲ್ಲ.

ಇದೇ ಅಂಗಡಿಯವರು 2025-26ರಲ್ಲೂ ಶೇ 1ನ್ನೇ ಕಟ್ಟಿದ್ದರೆ ಆ ವರ್ಷವಿಡೀ ಸಾಮಾನ್ಯ ದರಕ್ಕೆ ಒಳಪಡುತ್ತದೆ, ಏಕೆಂದರೆ ಅರ್ಹತೆ ನಿರ್ಧಾರವಾಗುವುದು ಹಿಂದಿನ ವರ್ಷದ ವಹಿವಾಟಿನ ಮೇಲೆ. ಆ ವರ್ಷದ ಖರೀದಿ ಬಿಲ್‌ಗಳ ಜಮೆಗೆ 2026ರ ನವೆಂಬರ್ 30 ಕೊನೆಯ ದಿನ.