ಗೆರೆಯ ಕೆಳಗಿನ ಬಿಸಿಲು

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 43 ಡಿಗ್ರಿ ಬಿಸಿಲು ಕಾದರೂ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ‘ಉಷ್ಣ ಅಲೆ’ ಆಗದೇ ಇರಬಹುದು. ಅದೇ ಫೆಬ್ರವರಿ ಕೊನೆಯಲ್ಲಿ ಕಾರವಾರದ ಕಡೆ 38 ಡಿಗ್ರಿ ದಾಟಿದರೆ ಎಚ್ಚರಿಕೆ ಹೊರಡುತ್ತದೆ. ಇದರಲ್ಲಿ ತಾರತಮ್ಯವೇನೂ ಇಲ್ಲ. ಇಲಾಖೆ ಅಳೆಯುವುದು ಬರೀ ಬಿಸಿಯನ್ನಲ್ಲ, ಆ ಊರು ಆ ತಿಂಗಳಲ್ಲಿ ಒಗ್ಗಿಕೊಂಡಿರುವ ಬಿಸಿಗಿಂತ ಎಷ್ಟು ಮೇಲೇರಿತು ಎಂಬುದನ್ನು.

ಲೆಕ್ಕ ಹೀಗಿದೆ. ಮೊದಲು ಒಂದು ಕನಿಷ್ಠ ಮಟ್ಟ ಮುಟ್ಟಬೇಕು: ಬಯಲುಸೀಮೆಗೆ 40 ಡಿಗ್ರಿ ಸೆಲ್ಸಿಯಸ್, ಕರಾವಳಿಗೆ 37, ಗುಡ್ಡಗಾಡಿಗೆ 30. ಆಮೇಲೆ ಆ ದಿನದ ಗರಿಷ್ಠ ಉಷ್ಣಾಂಶ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. 6.4 ಡಿಗ್ರಿಗಿಂತಲೂ ಹೆಚ್ಚಾದರೆ ಅದು ತೀವ್ರ ಉಷ್ಣ ಅಲೆ. ಬಯಲುಸೀಮೆಯಲ್ಲಿ 45 ಮುಟ್ಟಿದರೆ ವಾಡಿಕೆಯ ಮಾತೇ ಬೇಡ, ನೇರವಾಗಿ ಉಷ್ಣ ಅಲೆ; 47ಕ್ಕೆ ತೀವ್ರ. ಇದು ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ, ಸತತ ಎರಡು ದಿನ ಕಂಡುಬಂದರೆ ಎರಡನೆಯ ದಿನ ಘೋಷಣೆ. ಕರ್ನಾಟಕಕ್ಕೆ ಅಂಥ ಉಪವಿಭಾಗಗಳು ಮೂರೇ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಮುನ್ಸೂಚನೆಯ ಮೇಲೆ ಕೊಡುವ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್‌ಗಳು ಇದಕ್ಕೂ ಮುಂಚೆಯೇ ಬರುತ್ತವೆ. ಬಿಸಿ ಎಷ್ಟು ತೀವ್ರ, ಎಷ್ಟು ದಿನ ನಿಂತೀತು ಎಂಬ ಅಂದಾಜಿನ ಮೇಲೆ ಬಣ್ಣ ಬದಲಾಗುತ್ತದೆ.

ಕಲಬುರಗಿಯಲ್ಲಿ ಮೇ ತಿಂಗಳ ವಾಡಿಕೆಯೇ ಹೆಚ್ಚುಕಡಿಮೆ 40 ಡಿಗ್ರಿ. ಹಾಗಾಗಿ 43 ಅಂದರೆ ಮೂರು ಡಿಗ್ರಿಯಷ್ಟೇ ಹೆಚ್ಚು, ಗೆರೆಯ ಕೆಳಗೇ ಉಳಿಯಿತು. ಬೆಂಗಳೂರಿನ ಕಥೆ ಇನ್ನೊಂದು ಬಗೆಯದು. 2024ರ ಏಪ್ರಿಲ್ 28ರಂದು ನಗರದಲ್ಲಿ 38.5 ಡಿಗ್ರಿ ದಾಖಲಾಯಿತು. ಜನ ಬಸವಳಿದರು, ಆದರೆ ಬಯಲುಸೀಮೆಯ 40ರ ಮೆಟ್ಟಿಲನ್ನೇ ಅದು ಹತ್ತಲಿಲ್ಲ. ಗೆರೆ ದಾಟಿಲ್ಲ ಎಂದರೆ ಅಪಾಯವಿಲ್ಲ ಎಂದು ತಿಳಿಯಬಾರದು ಎನ್ನುವುದಕ್ಕೆ ಈ ಎರಡು ಊರುಗಳೇ ಸಾಕು.

ಈ ಗೆರೆಯನ್ನು ಬೇರೆ ರೀತಿಯಲ್ಲೂ ಎಳೆಯಬಹುದೆಂದು ತೋರಿಸಿಕೊಟ್ಟದ್ದು ಅಹಮದಾಬಾದ್. 2010ರ ಮೇ 21ರಂದು ಅಲ್ಲಿ 46.8 ಡಿಗ್ರಿ ಕಾಯಿತು. ಆಸ್ಪತ್ರೆಯ ದಾಖಲೆಗಳಲ್ಲಿ ‘ಬಿಸಿಲಿನ ಹೊಡೆತದಿಂದ ಸಾವು’ ಎಂದು ಬರೆದದ್ದು ಬಹಳ ಕಡಿಮೆ. ಹೃದಯಾಘಾತ, ಮೂತ್ರಪಿಂಡದ ತೊಂದರೆ, ವಯೋಸಹಜ ಎಂದೇ ಹೆಚ್ಚಿನವು ನಮೂದಾಗಿದ್ದವು. ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಡಾ. ದಿಲೀಪ್ ಮಾವಳಂಕರ್ ಮತ್ತು ಅವರ ಜೊತೆಗಾರರು ಸಾವಿನ ಕಾರಣವನ್ನು ಬದಿಗಿಟ್ಟು, ಒಟ್ಟು ಸಾವುಗಳನ್ನಷ್ಟೇ ದಿನದಿನದ ಉಷ್ಣಾಂಶದ ಪಕ್ಕದಲ್ಲಿಟ್ಟು ನೋಡಿದರು. ಹಿಂದಿನ ಮತ್ತು ಮುಂದಿನ ವರ್ಷಗಳ ಮೇ ತಿಂಗಳಿಗೆ ಹೋಲಿಸಿದಾಗ ಆ ಒಂದೇ ತಿಂಗಳಲ್ಲಿ 1,344 ಮಂದಿ ಹೆಚ್ಚು ಸತ್ತಿದ್ದರು. ಯಾವ ಡಿಗ್ರಿಯಿಂದಾಚೆ ಸಾವು ಏರತೊಡಗುತ್ತದೆಂದು ತಿಳಿದ ಮೇಲೆ ಊರಿಗೆ ತಕ್ಕ ಗೆರೆ ಎಳೆಯುವುದು ಸಾಧ್ಯವಾಯಿತು. 2013ರಲ್ಲಿ ನಗರಪಾಲಿಕೆಯ ಯೋಜನೆ ಬಂತು: ಸುಮಾರು 41ಕ್ಕೆ ಹಳದಿ, 43ಕ್ಕೆ ಕಿತ್ತಳೆ, 45ಕ್ಕೆ ಕೆಂಪು. ಪ್ರತಿ ಬಣ್ಣಕ್ಕೂ ಯಾವ ಇಲಾಖೆ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟರು. ನಮ್ಮ ರಾಯಚೂರು, ಕಲಬುರಗಿ, ಮಂಗಳೂರುಗಳಿಗೂ ಪಾಲಿಕೆಯ ಜನನ-ಮರಣ ನೋಂದಣಿಯಿಂದಲೇ ಈ ಲೆಕ್ಕ ತೆಗೆಯಬಹುದು. ಅದಕ್ಕೆ ದುಬಾರಿ ಯಂತ್ರವೇನೂ ಬೇಡ. ಇದು ಆಗಲೇಬೇಕಾದ ಕೆಲಸ ಎಂದು ನಾನು ಬಲವಾಗಿ ನಂಬಿದ್ದೇನೆ.

ಗರಿಷ್ಠ ಉಷ್ಣಾಂಶದ ಗೆರೆಗೆ ಕಾಣದ ಇನ್ನೊಂದು ಸಂಗತಿ ಸೆಖೆ. ಮೈ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆರುವುದರಿಂದ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರದೆ ಇಳಿದುಹೋಗುತ್ತದೆ. ಇದನ್ನು ಅಳೆಯಲು ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಓದುತ್ತಾರೆ. 42 ಡಿಗ್ರಿ ಬಿಸಿ, ಶೇ 20ರಷ್ಟು ತೇವಾಂಶ ಇರುವ ಕಲಬುರಗಿಯ ಮಧ್ಯಾಹ್ನದಲ್ಲಿ ಒದ್ದೆ ಬಟ್ಟೆಯ ಮಾಪಕ ಸುಮಾರು 24 ತೋರಿಸುತ್ತದೆ. 35 ಡಿಗ್ರಿ, ಶೇ 60 ತೇವಾಂಶದ ಮಂಗಳೂರಿನಲ್ಲಿ ಅದು 28ರ ಮೇಲೆ ನಿಲ್ಲುತ್ತದೆ. ಅಂದರೆ ಏಳು ಡಿಗ್ರಿ ಕಡಿಮೆ ಬಿಸಿಯ ಊರಿನಲ್ಲಿ ಮೈ ತಣಿಯುವುದು ಹೆಚ್ಚು ಕಷ್ಟ. ಕಲಬುರಗಿಯ ಒಣ ಬಿಸಿಲಿನ ಅಪಾಯ ಬೇರೆ: ಅಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ಮೈಯ ನೀರು ಖಾಲಿಯಾದದ್ದು ತಿಳಿಯುವುದೇ ಇಲ್ಲ. ಮತ್ತೊಂದು ಮಾತು. ಇಲಾಖೆಯ ಅಂಕಿ ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆದದ್ದು. ಡಾಂಬರು ಹಾಕುವವರಿಗೆ, ತಾರಸಿಯ ಮೇಲೆ ಕಬ್ಬಿಣ ಕಟ್ಟುವವರಿಗೆ ತಗಲುವ ಬಿಸಿ ಅದಕ್ಕಿಂತ ಬಹಳ ಹೆಚ್ಚು.

ವಯಸ್ಸಾದವರಿಗೆ ಮನೆಯೊಳಗೇ ತೊಂದರೆ. ಅವರಿಗೆ ಬೆವರುವುದೂ ಕಡಿಮೆ, ಬಾಯಾರಿಕೆಯ ಅರಿವೂ ಮಂದ. ‘ಬೇಕಾದಾಗ ಕುಡೀತೀನಿ ಬಿಡಪ್ಪ’ ಎನ್ನುವ ಅಜ್ಜಿಗೆ ಬೇಕೆನ್ನಿಸುವುದೇ ಇಲ್ಲ. ಆದ್ದರಿಂದ ಕೇಳಿ ಕೊಡುವುದಕ್ಕಿಂತ ಹೊತ್ತು ಹೊತ್ತಿಗೆ ಲೋಟ ಕೈಗೆ ಕೊಡುವುದು ವಾಸಿ: ನೀರು, ತೆಳು ಮಜ್ಜಿಗೆ, ಅಂಬಲಿ, ಗಂಜಿ. ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದರ್ಥ. ಬಿಪಿಗೆಂದು ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ನೀರಿನ ಮಿತಿ ಇರುವವರು ಬೇಸಿಗೆಗೆ ಮೊದಲೇ ವೈದ್ಯರನ್ನು ಕೇಳಬೇಕು. ತಾವಾಗಿ ಮಾತ್ರೆ ಬಿಡಬಾರದು. ಫ್ಯಾನ್ ಒಂದನ್ನೇ ನಂಬುವುದೂ ಸರಿಯಲ್ಲ. ಕೋಣೆ 40 ಡಿಗ್ರಿ ದಾಟಿದ ಮೇಲೆ ಅದು ಬಿಸಿಗಾಳಿಯನ್ನೇ ಮೈಗೆ ತಳ್ಳುತ್ತದೆ. ಆಗ ಕೈಕಾಲು, ಕತ್ತು, ಎದೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ತಗಡಿನ ಮನೆ ರಾತ್ರಿಯೂ ಆರದಿದ್ದರೆ ಹಗಲಿನ ಕೆಲವು ಗಂಟೆಯಾದರೂ ಅವರನ್ನು ತಂಪಾದ ಜಾಗಕ್ಕೆ, ದೇವಸ್ಥಾನದ ಕಲ್ಲುಮಂಟಪವಾದರೂ ಸರಿ, ಕರೆದೊಯ್ಯಬೇಕು.

ಹೊರಗೆ ದುಡಿಯುವವರ ವಿಷಯದಲ್ಲಿ ಮೇಸ್ತ್ರಿಗಳು ತಿಳಿದಿರಬೇಕಾದದ್ದು ಒಂದಿದೆ. ಬಿಸಿಲಿನಿಂದ ಸಾಯುವ ಕೆಲಸಗಾರರಲ್ಲಿ ದೊಡ್ಡ ಪಾಲು ಕೆಲಸಕ್ಕೆ ಸೇರಿದ ಮೊದಲ ಕೆಲವು ದಿನಗಳಲ್ಲೇ ಸಾಯುತ್ತಾರೆ. ಮೈ ಬಿಸಿಗೆ ಹದಗೊಳ್ಳಲು ಒಂದೆರಡು ವಾರ ಬೇಕು. ಹೊಸಬರಿಗೆ ಮೊದಲ ದಿನ ಐದನೇ ಒಂದು ಭಾಗದ ಕೆಲಸ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಏರಿಸುತ್ತ ಹೋಗಬೇಕು. ಕಾಯಿಲೆ ಬಿದ್ದು ಅಥವಾ ಊರಿಗೆ ಹೋಗಿ ಬಂದವರನ್ನೂ ಎಚ್ಚರದಿಂದ ಮತ್ತೆ ಹದಕ್ಕೆ ತರಬೇಕು. ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಬೇಕು, ಬೆವರು ಬಹಳವಾದರೆ ಓಆರ್‌ಎಸ್. ನೀರಿನ ಕೊಡ ಕೆಲಸದ ಜಾಗದಲ್ಲೇ ಇರಲಿ. ಶೌಚಾಲಯವಿಲ್ಲದ ಕಡೆ ಹೆಂಗಸರು ಬೇಕೆಂದೇ ನೀರು ಕುಡಿಯುವುದಿಲ್ಲ. ಅಲ್ಲಿ ಬುದ್ಧಿಮಾತು ಹೇಳಿ ಉಪಯೋಗವಿಲ್ಲ, ಶೌಚಾಲಯ ಕಟ್ಟಿಸಬೇಕು. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಏರ್ಪಾಡಿದೆ. ಫ್ಯಾನಿನ ಕೆಳಗೆ ಕೂರುವವರಿಗೆ ಸಿಕ್ಕ ಈ ಅನುಕೂಲ ಕೂಲಿ ಕಡಿತವಿಲ್ಲದೆ ಗಾರೆ ಕೆಲಸದವರಿಗೂ ಸಿಗುವುದು ನ್ಯಾಯ.

ತಲೆಸುತ್ತು, ಮಾಂಸಖಂಡ ಸೆಳೆತ, ವಾಕರಿಕೆ ಕಂಡರೆ ಕೆಲಸ ನಿಲ್ಲಿಸಿ ನೆರಳಿಗೆ ಕರೆತಂದು ನೀರು ಕುಡಿಸಬೇಕು. ಮಾತು ತೊದಲಿದರೆ, ಅಸಂಬದ್ಧವಾಗಿ ಆಡಿದರೆ, ಪ್ರಜ್ಞೆ ತಪ್ಪಿದರೆ ಮಾತ್ರ ಅದು ಬೇರೆಯೇ ಹಂತ. ಮೈಯೊಳಗಿನ ಬಿಸಿ 40 ಮುಟ್ಟಿ ಮಿದುಳಿಗೆ ಪೆಟ್ಟು ಬೀಳುತ್ತಿದೆ. ಬೆವರುತ್ತಿದ್ದಾರೆ, ಹಾಗಾಗಿ ಇದು ಬಿಸಿಲಿನ ಹೊಡೆತವಲ್ಲ ಎಂದು ಸುಮ್ಮನಾಗಬಾರದು; ದುಡಿಯುತ್ತಲೇ ಬಿದ್ದವರು ಬೆವರುತ್ತಲೂ ಇರಬಹುದು. ಬಾಯಿಗೆ ನೀರು ಹಾಕಬಾರದು, ಶ್ವಾಸಕ್ಕೆ ಇಳಿದೀತು. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಉಳಿದವರು ಬಟ್ಟೆ ಸಡಿಲಿಸಿ, ಕ್ಯೂರಿಂಗ್‌ಗೆಂದು ಇಟ್ಟ ಪೈಪಿನ ನೀರನ್ನೇ ಮೈಮೇಲೆ ಸುರಿದು ಗಾಳಿ ಬೀಸಬೇಕು. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕಂಕುಳು, ಕತ್ತು, ತೊಡೆಸಂದಿಗೆ ಇಡಬೇಕು. ಆಂಬುಲೆನ್ಸ್ ಬರುವ ತನಕ, ಬಂದ ಮೇಲೂ, ತಣಿಸುವುದನ್ನು ನಿಲ್ಲಿಸಬಾರದು.